ಲೋ ಶು ಚೌಕದಲ್ಲಿ ಕಾಣದ ಅಂಕಿಗಳು

ಕಳೆದ ಬೇಸಗೆಯಲ್ಲಿ ನಾವು ಹಿರೇಕೆರೂರು ತಾಲೂಕಿನ ಚಿಕ್ಕೇರೂರಿಗೆ ಹೋಗಿದ್ದಾಗ ಪರಿಚಿತ ರೈತರೊಬ್ಬರು ಒಂದು ಚೀಟಿಯನ್ನು ನಮ್ಮ ಮುಂದಿಟ್ಟರು. ಅದರಲ್ಲಿ ಒಂಬತ್ತೊಂಬತ್ತು ಮನೆಗಳ ಎರಡು ಚೌಕಗಳಿದ್ದವು. ಒಂದು ಅವರ ಮಗಳದು. ಇನ್ನೊಂದು ಆಕೆಗೆ ನೋಡಿದ್ದ ವರನದು. “ಇಬ್ಬರೊಳಗೂ ಐದು ಇಲ್ಲಂತ್ರಿ ಸರ. ಐದಿಲ್ಲದ ಸಂಸಾರ ನಡುಗಂಬ ಇಲ್ಲದ ಮನಿ ಇದ್ದಂಗ ಅಂತ ಗಂಡಿನ ಕಡೆಯವರು ಹೇಳಿ ಕಳಿಸ್ಯಾರ” ಎಂದು ಅವರು ಚಿಂತೆಯಿಂದ ನುಡಿದರು. ಒಂದು ಅಂಕಿಯ ದೆಸೆಯಿಂದ ಸಂಬಂಧವೇ ಮುರಿಯುವಂತಿತ್ತು. ಆ ಚೀಟಿಯನ್ನು ನಾವು ಹೇಗೆ ಪರೀಕ್ಷಿಸಿದೆವೆಂಬುದನ್ನು ಇಲ್ಲಿ ವಾಚಕರಿಗೆ ತಿಳಿಸುತ್ತೇವೆ.

ಮೊದಲು ಚೌಕದ ವಿಚಾರ. ಚೀನದೇಶದ ಐತಿಹ್ಯದಂತೆ, ಯೂ ಎಂಬ ಅರಸನ ಕಾಲದಲ್ಲಿ ಲೋ ನದಿಯಿಂದ ಮೇಲೆದ್ದ ಆಮೆಯೊಂದರ ಬೆನ್ನಿನ ಮೇಲೆ ಈ ವಿನ್ಯಾಸ ಕಂಡಿತಂತೆ. ಅದರಿಂದಲೇ ಇದಕ್ಕೆ ಲೋ ಶು ಎಂದು ಹೆಸರು. ಅಂಕಿಗಳ ಜೋಡಣೆ ಹೀಗಿದೆ:

೪ ೯ ೨
೩ ೫ ೭
೮ ೧ ೬

ಅಡ್ಡಲಾಗಿ, ಉದ್ದಕ್ಕೆ, ಮೂಲೆಯಿಂದ ಮೂಲೆಗೆ, ಹೇಗೆ ಕೂಡಿದರೂ ಮೊತ್ತ ೧೫. ಒಂದರಿಂದ ಒಂಬತ್ತರವರೆಗಿನ ಅಂಕಿಗಳಿಂದ ಇಂಥ ಮಾಯಾಚೌಕವು ಒಂದೇ ಒಂದು ಆಗಬಲ್ಲುದು. ಉಳಿದವೆಲ್ಲ ಇದನ್ನೇ ತಿರುಗಿಸಿದ ಅಥವಾ ಕನ್ನಡಿಯಲ್ಲಿ ನೋಡಿದ ರೂಪಗಳು. ನಡುಮನೆಯಲ್ಲಿ ೫ ಇರಲೇಬೇಕೆಂಬುದನ್ನೂ ಸುಲಭವಾಗಿ ತೋರಿಸಬಹುದು. ನಡುಮನೆಯ ಮೂಲಕ ಹಾಯುವ ಸಾಲುಗಳು ನಾಲ್ಕು. ಅವುಗಳ ಒಟ್ಟು ಮೊತ್ತ ೬೦. ಈ ಮೊತ್ತದಲ್ಲಿ ಎಲ್ಲ ಅಂಕಿಗಳೂ ಒಮ್ಮೆ ಸೇರಿ ೪೫ ಆಗುತ್ತದೆ. ನಡುವಿನ ಅಂಕಿಯೊಂದು ಮಾತ್ರ ಇನ್ನೂ ಮೂರು ಸಲ ಸೇರಿರುತ್ತದೆ. ಉಳಿದ ೧೫ ಆ ಅಂಕಿಯ ಮೂರು ಪಟ್ಟು. ಆದುದರಿಂದ ಅದು ೫. ಅಂಗಡಿಗಳಲ್ಲಿ ದೊರೆಯುವ, ಸಾಲಿನ ಮೊತ್ತ ೭೨ ಆಗುವ ಕುಬೇರ ಯಂತ್ರವೂ ಈ ಚೌಕವೇ. ಪ್ರತಿಯೊಂದು ಅಂಕಿಗೂ ೧೯ನ್ನು ಕೂಡಿಸಿದರೆ ಅದು ಸಿದ್ಧವಾಗುತ್ತದೆ.

ಇಷ್ಟರವರೆಗೆ ಇದು ಗಣಿತ. ಸಂಖ್ಯಾಶಾಸ್ತ್ರಿಗಳು ಮಾಡುವುದು ಬೇರೆ. ಹುಟ್ಟಿದ ದಿನ, ತಿಂಗಳು, ವರ್ಷಗಳ ಅಂಕಿಗಳನ್ನು ಬಿಡಿಬಿಡಿಯಾಗಿ ಆಯಾ ಮನೆಗಳಲ್ಲಿ ಬರೆಯುತ್ತಾರೆ. ಸೊನ್ನೆಗೆ ಮನೆಯಿಲ್ಲ, ಅದನ್ನು ಬಿಡುತ್ತಾರೆ. ಬರಿದಾಗಿ ಉಳಿದ ಮನೆಯೇ ‘ಇಲ್ಲದ ಅಂಕಿ’; ಅದನ್ನು ಸ್ವಭಾವದ ಕೊರತೆಯೆಂದು ಓದುತ್ತಾರೆ. ಎರಡು ಚೌಕಗಳನ್ನು ಹೋಲಿಸುವಾಗ ಎರಡು ಸಂಗತಿಗಳನ್ನು ನೋಡುತ್ತಾರೆ: ಇಬ್ಬರಲ್ಲಿಯೂ ಇರುವ ಅಂಕಿಗಳು ಎಷ್ಟು, ಮತ್ತು ಒಬ್ಬರ ಬರಿಯ ಮನೆಯನ್ನು ಇನ್ನೊಬ್ಬರು ತುಂಬುವರೇ ಎಂಬುದು. ಆದರೆ ಇದು ಚೀನದ ಪ್ರಾಚೀನ ಪದ್ಧತಿಯಾಗಿರಲಾರದು. ನಾವು ಈಗ ಬಳಸುವ ಗ್ರೆಗೋರಿಯನ್ ತಾರೀಖನ್ನು ಚೀನವು ಅಧಿಕೃತವಾಗಿ ಸ್ವೀಕರಿಸಿದುದು ೧೯೧೨ರಲ್ಲಿ.

ಈಗ ನಮ್ಮ ಚೀಟಿಗೆ ಬರೋಣ. ಕನ್ಯೆಯ ಜನ್ಮದಿನ ೨೩-೮-೧೯೯೭. ಆಕೆಯಲ್ಲಿ ೧, ೨, ೩, ೭, ೮, ೯ ಇವೆ. ೪, ೫, ೬ ಇಲ್ಲ. ವರನದು ೧-೬-೧೯೯೪. ಅವನಲ್ಲಿ ೧, ೪, ೬, ೯ ಮಾತ್ರ ಇವೆ. ಎರಡನ್ನೂ ಒಂದರ ಮೇಲೊಂದು ಇಟ್ಟರೆ ಎಂಟು ಮನೆಗಳು ತುಂಬಿ, ನಡುವಿನ ಐದು ಬರಿದಾಗಿ ಉಳಿಯುತ್ತದೆ.

ಜೂನ್ ಒಂದೆಂಬ ತಾರೀಖನ್ನು ಕಂಡೊಡನೆ ನಮಗೆ ಅನುಮಾನವಾಯಿತು. ನಮ್ಮ ಹಳ್ಳಿಗಳಲ್ಲಿ ಹಿಂದೆ ಮಗುವನ್ನು ಶಾಲೆಗೆ ಸೇರಿಸುವಾಗ ಹುಟ್ಟಿದ ದಿನ ತಿಳಿಯದಿದ್ದರೆ, ಶಾಲೆ ಆರಂಭವಾಗುವ ಹೊತ್ತಿಗೆ ವಯಸ್ಸು ಸರಿಹೊಂದುವಂತೆ ಗುರುಗಳು ಜೂನ್ ಒಂದನ್ನೇ ಬರೆದುಕೊಳ್ಳುವ ವಾಡಿಕೆಯಿತ್ತು. ಒಂದೇ ತರಗತಿಯ ಹತ್ತಾರು ಮಕ್ಕಳಿಗೆ ಒಂದೇ ಜನ್ಮದಿನ ಬಂದುದು ಹೀಗೆ. ವಿಚಾರಿಸಿದಾಗ, ವರನು ಮೃಗಶಿರಾ ಮಳೆಯ ಎರಡನೆಯ ವಾರದಲ್ಲಿ ಹುಟ್ಟಿದನೆಂದು ಅವನ ತಾಯಿ ಹೇಳುತ್ತಿದ್ದುದು ತಿಳಿಯಿತು. ಹೆರಿಗೆಯ ಹಳೆಯ ಚೀಟಿಯಲ್ಲಿದ್ದ ತಾರೀಖು ೧೫-೬-೧೯೯೪. ಇದನ್ನು ಇಟ್ಟರೆ ವರನ ಚೌಕಕ್ಕೆ ಐದು ಬರುತ್ತದೆ. ಇಬ್ಬರೂ ಸೇರಿ ಒಂಬತ್ತು ಮನೆಗಳೂ ತುಂಬುತ್ತವೆ! ಅಂದರೆ ನಡುಗಂಬವನ್ನು ಕಿತ್ತುದು ವಿಧಿಯಲ್ಲ, ಶಾಲೆಯ ದಾಖಲೆಯಲ್ಲಿ ಓಡಿದ ಲೇಖನಿ.

ಮಗಳ ತಂದೆಗೆ ಈ ಉತ್ತರವೇ ಸಾಕಾಗಿತ್ತು. ಆದರೆ ಇಲ್ಲಿಗೇ ನಿಲ್ಲಿಸಿದರೆ ಚೌಕವು ಸತ್ಯವನ್ನು ನುಡಿಯಿತೆಂದು ನಾವೂ ಒಪ್ಪಿದಂತಾಗುತ್ತಿತ್ತು. ಆದ್ದರಿಂದ ಇನ್ನೂ ಸ್ವಲ್ಪ ಮುಂದುವರಿದೆವು.

ಅಂಕಿಗಳನ್ನು ತುಂಬುವ ರೀತಿ ಎಲ್ಲರಲ್ಲಿಯೂ ಒಂದೇ ಅಲ್ಲ. ಕೆಲವರು ಹುಟ್ಟಿದ ದಿನವನ್ನು ಒಂದಂಕಿಗೆ ಇಳಿಸಿದ ಮೂಲಾಂಕವನ್ನೂ, ಇಡೀ ತಾರೀಖನ್ನು ಇಳಿಸಿದ ಭಾಗ್ಯಾಂಕವನ್ನೂ ಚೌಕದಲ್ಲಿ ಸೇರಿಸುತ್ತಾರೆ. ಆ ಪ್ರಕಾರ ಕನ್ಯೆಯ ಮೂಲಾಂಕ ೨+೩=೫; ಕಾಣದಿದ್ದ ಐದು ಆಕೆಯಲ್ಲಿಯೇ ಹುಟ್ಟಿಕೊಂಡಿತು! ಮತ್ತೆ ಕೆಲವರು ವರ್ಷದ ಮೊದಲಿನ ೧೯ನ್ನು ಬಿಡುತ್ತಾರೆ. ಆಗ ಆಕೆಯಲ್ಲಿ ೧ ಕೂಡ ಇಲ್ಲವಾಗುತ್ತದೆ. ಒಬ್ಬಳೇ ಹುಡುಗಿ, ಒಂದೇ ತಾರೀಖು. ಇಲ್ಲದ ಅಂಕಿಗಳು ಒಂದು ಬಗೆಯಲ್ಲಿ ಮೂರು, ಇನ್ನೊಂದರಲ್ಲಿ ಎರಡು, ಮತ್ತೊಂದರಲ್ಲಿ ನಾಲ್ಕು. ಅಳತೆಗೋಲನ್ನು ಬದಲಿಸಿದೊಡನೆ ವಸ್ತುವಿನ ಉದ್ದವೇ ಬೇರೆಯಾದರೆ, ನಾವು ಅಳೆಯುತ್ತಿರುವುದು ವಸ್ತುವನ್ನಲ್ಲ.

ಹಾಗಾದರೆ ಚೌಕವು ಅಳೆಯುವುದೇನನ್ನು? ಪಂಚಾಂಗವನ್ನು. ೧೯೦೦ರಿಂದ ೧೯೯೯ರವರೆಗೆ ಹುಟ್ಟಿದ ಪ್ರತಿಯೊಬ್ಬರಿಗೂ ೧ ಮತ್ತು ೯ ಇದ್ದೇ ಇರುತ್ತವೆ. ವಧೂವರರಿಬ್ಬರೂ ಆ ಶತಮಾನದವರಾದರೆ ‘ಎರಡು ಅಂಕಿ ಹೊಂದಿವೆ’ ಎಂಬ ಮಾತು ಯಾರ ವಿಷಯದಲ್ಲಿಯೂ ಸುಳ್ಳಾಗದು. ೨೦೦೦ದಿಂದೀಚೆಗೆ ೨ ಎಲ್ಲರಿಗೂ ಉಂಟು. ಆದರೆ ೯ ದುರ್ಲಭ. ಉದಾಹರಣೆಗೆ ೨೦೨೫ನ್ನು ತೆಗೆದುಕೊಳ್ಳಿ. ಸೆಪ್ಟೆಂಬರಿನ ೩೦ ದಿನಗಳು, ಉಳಿದ ತಿಂಗಳುಗಳ ೯, ೧೯, ೨೯ನೆಯ ತಾರೀಖುಗಳು ೩೨. ಫೆಬ್ರುವರಿಗೆ ೨೯ ಇಲ್ಲವೆಂಬುದನ್ನು ಮರೆಯಬಾರದು. ಒಟ್ಟು ೬೨ ದಿನಗಳಲ್ಲಿ ಮಾತ್ರ ೯ ಇದೆ. ೩೦೩ ದಿನಗಳಲ್ಲಿ ಇಲ್ಲ. ೩೧-೧೨-೧೯೯೯ರ ರಾತ್ರಿ ಹುಟ್ಟಿದ ಮಗುವಿಗೆ ೧, ೨, ೩, ೯ ದೊರೆತರೆ, ನಡುರಾತ್ರಿ ಕಳೆದು ಹುಟ್ಟಿದ ಮಗುವಿಗೆ ೧, ೨ ಮಾತ್ರ. ಒಂಬತ್ತರಿಂದ ದೊರಕುವುದೆನ್ನುವ ಗುಣವು ಕೆಲವೇ ನಿಮಿಷಗಳಲ್ಲಿ ಲೋಕದಿಂದ ಮಾಯವಾಯಿತೆಂದು ಯಾರಾದರೂ ನಂಬಿಯಾರೇ?

ಇನ್ನೊಂದು ಸಂಗತಿಯುಂಟು. ಬರಿಯ ತಾರೀಖಿನಿಂದ ಒಂಬತ್ತು ಮನೆಗಳನ್ನೂ ತುಂಬಿಸಬಲ್ಲವರು ಯಾರೂ ಇಲ್ಲ. ತಾರೀಖಿಗೆ ಇರುವುದೇ ಎಂಟು ಸ್ಥಾನಗಳು. ಅವುಗಳಲ್ಲಿಯೂ ಸೊನ್ನೆ ಅಥವಾ ಮರುಕಳಿಸುವ ಅಂಕಿ ನುಸುಳುತ್ತದೆ. ಕಳೆದ ಶತಮಾನದವರಿಗೆ ಹೆಚ್ಚೆಂದರೆ ಏಳು ಮನೆ ತುಂಬೀತು. ೨೩-೪-೧೯೫೬ ಅಂಥ ದಿನ. ಈ ಶತಮಾನದವರಿಗೆ ಆರೇ ಮಿತಿ. ಆದ್ದರಿಂದ ಎರಡು ಮೂರು ಅಂಕಿಗಳು ಇಲ್ಲದಿರುವುದು ದೋಷವಲ್ಲ. ತಾರೀಖನ್ನು ಬರೆಯುವ ಕ್ರಮದಿಂದ ತಾನಾಗಿ ಬರುವ ಫಲ.

ಸಂದೇಹವುಳ್ಳವರು ಒಂದು ಪರೀಕ್ಷೆಯನ್ನು ಮಾಡಿ ನೋಡಬಹುದು. ತಮಗೆ ಚೆನ್ನಾಗಿ ಗೊತ್ತಿರುವ ಇಪ್ಪತ್ತು ದಂಪತಿಗಳನ್ನು ಆರಿಸಲಿ: ಹತ್ತು ಜೋಡಿ ಅನ್ಯೋನ್ಯವಾಗಿರುವವರು, ಹತ್ತು ಜೋಡಿ ಬೇರೆಯಾದವರು. ಹೆಸರು ಬರೆಯದೆ ಚೌಕಗಳನ್ನು ಮಾತ್ರ ಸಂಖ್ಯಾಶಾಸ್ತ್ರಿಗೆ ಕೊಟ್ಟು ವಿಂಗಡಿಸಲು ಹೇಳಲಿ. ಕಣ್ಣುಮುಚ್ಚಿ ವಿಂಗಡಿಸಿದರೂ ಸುಮಾರು ಹತ್ತು ಸರಿಯಾಗುತ್ತವೆ. ಹತ್ತು ಹನ್ನೊಂದು ಸರಿಯಾದರೆ ಅದು ಜಾಣ್ಮೆಯಲ್ಲ; ಹದಿನೆಂಟಾದರೆ ನಾವು ಮತ್ತೆ ಯೋಚಿಸಬೇಕಾದೀತು.

ಇಷ್ಟನ್ನೂ ಆ ರೈತರು ತಾಳ್ಮೆಯಿಂದ ಕೇಳಿದರು. ಕೊನೆಗೆ ಚೀಟಿಯನ್ನು ಮಡಿಸಿ ಅಂಗಿಯ ಕಿಸೆಗೆ ಹಾಕಿಕೊಳ್ಳುತ್ತ, “ನನಗ ತಿಳೀತ್ರಿ ಸರ. ಆದರ ಗಂಡಿನ ಕಡೆಯವರಿಗೆ ಮೊದಲು ಹದಿನೈದನೇ ತಾರೀಖು ತೋರಸ್ತೀನಿ, ಲೆಕ್ಕ ಆಮ್ಯಾಲೆ ಹೇಳ್ತೀನಿ” ಎಂದು ನಕ್ಕರು. ನಾವೂ ನಕ್ಕೆವು.