ಸ್ಟೆಂಟ್ ಹಾಕಿಸಿಕೊಂಡವರು ಮಾತ್ರೆ ಬಿಡುವ ಮುನ್ನ

ಶಿವಮೊಗ್ಗ ಜಿಲ್ಲೆಯ 58 ವರ್ಷದ ಒಬ್ಬ ಅಡಿಕೆ ವ್ಯಾಪಾರಿಗೆ ಹೃದಯಾಘಾತವಾಗಿ ಸ್ಟೆಂಟ್ ಹಾಕಿದ್ದಾರೆ ಎಂದಿಟ್ಟುಕೊಳ್ಳಿ. ಏಳು ವಾರ ಕಳೆದಿದೆ. ಎದೆನೋವಿಲ್ಲ, ಮಂಡಿಗೆ ಹೋಗಿ ಬರುತ್ತಿದ್ದಾರೆ. ಬೆಳಿಗ್ಗೆ ಆಸ್ಪಿರಿನ್ 75 ಮಿಲಿಗ್ರಾಂ ಒಂದು, ಟಿಕಾಗ್ರೆಲೋರ್ 90 ಮಿಲಿಗ್ರಾಂ ಬೆಳಿಗ್ಗೆ ಒಂದು, ರಾತ್ರಿ ಒಂದು. ಈಗ ದವಡೆ ಹಲ್ಲು ಕೀಳಿಸಬೇಕಾಗಿ ಬಂದಿದೆ. ಪರಿಚಿತರೊಬ್ಬರು ಹೇಳುತ್ತಾರೆ: ‘ರಕ್ತ ತೆಳು ಮಾಡೋ ಮಾತ್ರೆ ಐದು ದಿನ ಬಿಟ್ಟು ಹೋಗಿ ಯಜಮಾನ್ರೇ, ಇಲ್ಲಾಂದ್ರೆ ರಕ್ತ ನಿಲ್ಲಲ್ಲ.’

ಕೇಳಲು ಸರಿಯಾಗಿಯೇ ಇದೆ. ಆದರೆ ಹಲ್ಲು ಕಿತ್ತ ಜಾಗದಲ್ಲಿ ಬರುವ ರಕ್ತ ಕಣ್ಣಿಗೆ ಕಾಣುತ್ತದೆ, ಬಟ್ಟೆಯಿಟ್ಟು ಒತ್ತಿ ಹಿಡಿಯಬಹುದು. ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಿದರೆ ಕಾಣುವುದೂ ಇಲ್ಲ, ಒತ್ತಿ ಹಿಡಿಯಲೂ ಆಗದು. ಈ ಐದು ದಿನ ಯಾಕೆ ಅಷ್ಟು ದುಬಾರಿ ಎಂಬುದು ತಿಳಿಯಬೇಕಾದರೆ ಸ್ಟೆಂಟ್ ಹಾಕಿದ ಜಾಗದಲ್ಲಿ ಏನಾಗುತ್ತಿರುತ್ತದೆ ಎಂದು ನೋಡಬೇಕು.

ಸ್ಟೆಂಟ್ ಎಂದರೆ ಸಣ್ಣ ಲೋಹದ ಜಾಲರಿ ಕೊಳವೆ. ಬಲೂನಿನ ಮೇಲೆ ಕೂರಿಸಿ, ಕಟ್ಟಿಕೊಂಡ ರಕ್ತನಾಳದೊಳಗೆ ಕೊಂಡೊಯ್ದು, ಬಲೂನು ಉಬ್ಬಿಸಿ ನಾಳದ ಗೋಡೆಗೆ ಒತ್ತುತ್ತಾರೆ. ದಾರಿ ತೆರೆಯುತ್ತದೆ. ಆದರೆ ಆ ಒತ್ತಡಕ್ಕೆ ನಾಳದ ನುಣುಪಾದ ಒಳಪೊರೆ ಅಲ್ಲಲ್ಲಿ ಹರಿಯುತ್ತದೆ, ಬರಿಯ ಲೋಹ ಹರಿವ ರಕ್ತಕ್ಕೆ ತೆರೆದುಕೊಳ್ಳುತ್ತದೆ. ರಕ್ತದಲ್ಲಿರುವ ಪ್ಲೇಟ್‌ಲೆಟ್‌ಗಳಿಗೆ ಗಾಯ ಕಂಡಲ್ಲಿ ಅಂಟಿಕೊಂಡು ಗುಂಪುಗೂಡುವುದೇ ಕೆಲಸ. ಕೈ ಕೊಯ್ದಾಗ ನಮ್ಮನ್ನು ಉಳಿಸುವ ಈ ಗುಣವೇ ಇಲ್ಲಿ ಅಪಾಯ. ಮೂರು ಮಿಲಿಮೀಟರ್ ಅಗಲದ ನಾಳ ಮುಚ್ಚಲು ಹೆಚ್ಚು ಹೊತ್ತು ಬೇಕಿಲ್ಲ.

ದಿನಗಳೆದಂತೆ ಹೊಸ ಒಳಪೊರೆ ಬೆಳೆದು ಜಾಲರಿಯನ್ನು ಮುಚ್ಚುತ್ತದೆ. ಅದಕ್ಕೆ ವಾರಗಳಿಂದ ತಿಂಗಳುಗಳು ಹಿಡಿಯುತ್ತವೆ. ಇಂದು ಬಹುತೇಕರಿಗೆ ಹಾಕುವುದು ಔಷಧಿ ಲೇಪಿಸಿದ ಸ್ಟೆಂಟ್. ಒಳಗೆ ಮಾಂಸ ಅತಿಯಾಗಿ ಬೆಳೆದು ನಾಳ ಮತ್ತೆ ಕಿರಿದಾಗದಂತೆ ಆ ಲೇಪ ತಡೆಯುತ್ತದೆ. ಅದೇ ಲೇಪ ಒಳಪೊರೆ ಬೆಳೆಯುವುದನ್ನೂ ತುಸು ನಿಧಾನ ಮಾಡುತ್ತದೆ. ಪೊರೆ ಪೂರ್ತಿ ಮುಚ್ಚುವವರೆಗೆ ಪ್ಲೇಟ್‌ಲೆಟ್‌ಗಳನ್ನು ತಡೆದಿಡುವ ಕೆಲಸ ಮಾತ್ರೆಗಳದ್ದು.

ಒಂದರ ಬದಲು ಎರಡು ಮಾತ್ರೆ ಯಾಕೆ? ಪ್ಲೇಟ್‌ಲೆಟ್‌ಗಳನ್ನು ಕೆರಳಿಸುವ ರಾಸಾಯನಿಕ ಸಂದೇಶಗಳು ಹಲವು. ಆಸ್ಪಿರಿನ್ ಅವುಗಳಲ್ಲಿ ಒಂದನ್ನು ತಡೆಯುತ್ತದೆ. ಕ್ಲೋಪಿಡೋಗ್ರೆಲ್, ಪ್ರಾಸುಗ್ರೆಲ್, ಟಿಕಾಗ್ರೆಲೋರ್ ಎಂಬ ಇನ್ನೊಂದು ಗುಂಪಿನ ಮಾತ್ರೆಗಳು ಬೇರೊಂದನ್ನು ತಡೆಯುತ್ತವೆ. ಆಸ್ಪಿರಿನ್ ಜೊತೆ ಈ ಗುಂಪಿನ ಒಂದನ್ನು ಕೊಡುವ ಪದ್ಧತಿ ಸುಮ್ಮನೆ ಬಂದದ್ದಲ್ಲ. ಸ್ಟೆಂಟಿನ ಆರಂಭದ ದಿನಗಳಲ್ಲಿ ವಾರ್ಫರಿನ್‌ನಂಥ ಪ್ರಬಲ ಔಷಧಿಗಳನ್ನು ಕೊಡುತ್ತಿದ್ದರು. ಆದರೂ ಸ್ಟೆಂಟ್ ಮುಚ್ಚಿಕೊಳ್ಳುತ್ತಿತ್ತು, ರಕ್ತಸ್ರಾವವೂ ಆಗುತ್ತಿತ್ತು. ಜರ್ಮನಿಯ ಮ್ಯೂನಿಕ್‌ನಲ್ಲಿ 517 ರೋಗಿಗಳ ಮೇಲೆ ನಡೆದು 1996ರಲ್ಲಿ ಪ್ರಕಟವಾದ ಅಧ್ಯಯನ, ಈ ಗುಂಪಿನ ಹಳೆಯ ಔಷಧಿ ಟಿಕ್ಲೋಪಿಡಿನ್ ಜೊತೆ ಆಸ್ಪಿರಿನ್ ಕೊಟ್ಟರೆ ಎರಡು ತೊಂದರೆಯೂ ಕಡಿಮೆಯಾಗುತ್ತವೆ ಎಂದು ತೋರಿಸಿತು. ಹೆಪ್ಪುಗಟ್ಟಿ ಸ್ಟೆಂಟ್ ಮುಚ್ಚಿದ್ದು ಹಳೆಯ ಪದ್ಧತಿಯಲ್ಲಿ ಶೇ 5.4 ಮಂದಿಗಾದರೆ ಹೊಸದರಲ್ಲಿ ಶೇ 0.8 ಮಂದಿಗೆ. ಇಂದಿನ ಜೋಡಿ ಮಾತ್ರೆಯ ಮೂಲ ಅದು.

ಮಾತ್ರೆ ನಡುವೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೂ ಲೆಕ್ಕವಿದೆ. ಇಟಲಿ ಮತ್ತು ಜರ್ಮನಿಯ ಆಸ್ಪತ್ರೆಗಳಲ್ಲಿ ಔಷಧಿ ಲೇಪಿತ ಸ್ಟೆಂಟ್ ಹಾಕಿಸಿಕೊಂಡ 2,229 ಮಂದಿಯ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಒಂಬತ್ತು ತಿಂಗಳಲ್ಲಿ 29 ಮಂದಿಯ ಸ್ಟೆಂಟ್ ಹೆಪ್ಪುಗಟ್ಟಿ ಮುಚ್ಚಿತು, ಅವರಲ್ಲಿ 13 ಮಂದಿ ತೀರಿಕೊಂಡರು. ಅಂದರೆ ಇದು ಅಪರೂಪಕ್ಕೆ ಆಗುವಂಥದ್ದು, ಆದರೆ ಆದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಉಳಿಯಲಿಲ್ಲ. ಹೀಗಾಗಲು ಕಾರಣಗಳನ್ನು ಹುಡುಕಿದಾಗ ಎಲ್ಲಕ್ಕಿಂತ ಬಲವಾಗಿ ಕಂಡದ್ದು ಅವಧಿಗೆ ಮುನ್ನ ಮಾತ್ರೆ ನಿಲ್ಲಿಸಿದ್ದು. ಮರುವರ್ಷ ಅಮೆರಿಕದ 19 ಆಸ್ಪತ್ರೆಗಳ ಇನ್ನೊಂದು ಅಧ್ಯಯನ ಬಂತು. ಹೃದಯಾಘಾತಕ್ಕೆ ಸ್ಟೆಂಟ್ ಹಾಕಿಸಿಕೊಂಡವರಲ್ಲಿ ಸುಮಾರು ಏಳರಲ್ಲಿ ಒಬ್ಬರು ಮೊದಲ ತಿಂಗಳಲ್ಲೇ ಎರಡನೇ ಮಾತ್ರೆ ಬಿಟ್ಟಿದ್ದರು. ಮುಂದಿನ ಹನ್ನೊಂದು ತಿಂಗಳಲ್ಲಿ ಬಿಟ್ಟವರಲ್ಲಿ ಶೇ 7.5 ಮಂದಿ ಸತ್ತರೆ, ಮುಂದುವರಿಸಿದವರಲ್ಲಿ ಶೇ 0.7 ಮಂದಿ. ಬಿಟ್ಟವರಲ್ಲಿ ವಯಸ್ಸಾದವರು, ಕಡಿಮೆ ಓದಿದವರು, ಖರ್ಚಿಗೆ ಹೆದರಿ ವೈದ್ಯರ ಬಳಿ ಹೋಗದವರು ಹೆಚ್ಚಿದ್ದರು. ಡಿಸ್ಚಾರ್ಜ್ ಆಗುವಾಗ ಮಾತ್ರೆಯ ಬಗ್ಗೆ ಸರಿಯಾದ ಸೂಚನೆ ಸಿಗದವರೂ ಇದ್ದರು.

ಈಗ ನಮ್ಮ ವ್ಯಾಪಾರಿಯ ಹಲ್ಲಿಗೆ ಬರೋಣ. ಟಿಕಾಗ್ರೆಲೋರ್ ಪ್ಲೇಟ್‌ಲೆಟ್‌ಗೆ ಕಚ್ಚಿಕೊಂಡೇ ಇರುವುದಿಲ್ಲ, ಕಳಚಿಕೊಳ್ಳುತ್ತದೆ. ದಿನಕ್ಕೆರಡು ಬಾರಿ ನುಂಗುವುದು ಅದಕ್ಕೇ. ಐದು ದಿನ ಬಿಟ್ಟರೆ ಅದರ ರಕ್ಷಣೆ ಪೂರ್ತಿ ಹೋಗಿರುತ್ತದೆ. ‘ರಕ್ತ ತೆಳು ಮಾಡೋ ಮಾತ್ರೆ’ ಯಾವುದೆಂದು ತಿಳಿಯದೆ ಆಸ್ಪಿರಿನ್ ಅನ್ನೂ ಬಿಟ್ಟರೆ, ಏಳು ವಾರದ ಹಸಿ ಸ್ಟೆಂಟಿಗೆ ಕಾವಲೇ ಇರುವುದಿಲ್ಲ. ಆದ್ದರಿಂದ ಸಾಮಾನ್ಯ ಹಲ್ಲು ಕೀಳಲು ಮಾತ್ರೆ ನಿಲ್ಲಿಸುವುದಿಲ್ಲ. ಒಮ್ಮೆಗೆ ಒಂದೆರಡು ಹಲ್ಲು ಮಾತ್ರ ಕಿತ್ತು, ಗುಳಿಗೆ ಹೊಲಿಗೆ ಹಾಕಿ, ಗಾಜ್ ಒತ್ತಿ ಹಿಡಿಸಿ, ಬೇಕಾದರೆ ಟ್ರಾನೆಕ್ಸಾಮಿಕ್ ಆಸಿಡ್ ದ್ರಾವಣದಿಂದ ರಕ್ತ ನಿಲ್ಲಿಸುತ್ತಾರೆ. ಒಸರುವುದು ಸ್ವಲ್ಪ ಹೆಚ್ಚು ಹೊತ್ತು ಇರಬಹುದು, ಅಷ್ಟೆ. ಕಣ್ಣಿನ ಪೊರೆ ಶಸ್ತ್ರಚಿಕಿತ್ಸೆಗೂ ಸಾಮಾನ್ಯವಾಗಿ ನಿಲ್ಲಿಸಬೇಕಿಲ್ಲ. ಹರ್ನಿಯಾದಂಥ, ಕಾಯಬಹುದಾದ ಶಸ್ತ್ರಚಿಕಿತ್ಸೆಯನ್ನು ಅವಧಿ ಮುಗಿಯುವವರೆಗೆ ಮುಂದೂಡುವುದು ಲೇಸು. ಕಾಯಲಾಗದ ದೊಡ್ಡ ಶಸ್ತ್ರಚಿಕಿತ್ಸೆಯಿದ್ದರೆ ಹೃದ್ರೋಗ ವೈದ್ಯರೂ ಶಸ್ತ್ರಚಿಕಿತ್ಸಕರೂ ಮಾತಾಡಿಕೊಂಡು, ಸಾಧ್ಯವಾದಷ್ಟೂ ಆಸ್ಪಿರಿನ್ ಉಳಿಸಿ, ಎರಡನೆಯದನ್ನು ಎಣಿಸಿದ ದಿನಗಳಷ್ಟೇ ನಿಲ್ಲಿಸಿ, ಮತ್ತೆ ಶುರು ಮಾಡಿಸುತ್ತಾರೆ.

ಇಲ್ಲಿ ನಮ್ಮ ಔಷಧಿ ಅಂಗಡಿಗಳಿಗೆ ಸಂಬಂಧಿಸಿದ ಒಂದು ತೊಡಕಿದೆ. ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್ ಎರಡೂ ಒಂದೇ ಕ್ಯಾಪ್ಸೂಲಿನಲ್ಲಿ ಸಿಗುತ್ತವೆ. ಕೆಲವದರಲ್ಲಿ ಕೊಲೆಸ್ಟ್ರಾಲ್ ಇಳಿಸುವ ಅಟೋರ್ವಾಸ್ಟಾಟಿನ್ ಕೂಡ ಸೇರಿರುತ್ತದೆ. ‘ಕ್ಲೋಪಿಡೋಗ್ರೆಲ್ ಮಾತ್ರ ನಿಲ್ಲಿಸಿ’ ಎಂದಾಗ ಆ ಕ್ಯಾಪ್ಸೂಲ್ ಬಿಟ್ಟರೆ ಮೂರೂ ನಿಂತ ಹಾಗೆ. ಸ್ಟ್ರಿಪ್ಪಿನ ಹಿಂದೆ ಸಣ್ಣಕ್ಷರದಲ್ಲಿರುವ ಔಷಧಿಗಳ ಹೆಸರು ಓದಿಸಿಕೊಂಡು, ಉಳಿಸಬೇಕಾದ್ದನ್ನು ಬಿಡಿಯಾಗಿ ಬರೆಸಿಕೊಳ್ಳಬೇಕು.

ಹಾಗಾದರೆ ಎರಡೂ ಮಾತ್ರೆಯನ್ನು ಜೀವನಪೂರ್ತಿ ನುಂಗಬಾರದೇಕೆ? ಅದಕ್ಕೆ ಉತ್ತರ 2014ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿದೆ. ಸುಮಾರು ಹತ್ತು ಸಾವಿರ ಮಂದಿಯಲ್ಲಿ ಅರ್ಧದಷ್ಟು ಜನರಿಗೆ 12 ತಿಂಗಳು, ಉಳಿದವರಿಗೆ 30 ತಿಂಗಳು ಎರಡೂ ಮಾತ್ರೆ ಕೊಟ್ಟರು. ಹೆಚ್ಚು ಕಾಲ ತೆಗೆದುಕೊಂಡವರಲ್ಲಿ ಸ್ಟೆಂಟ್ ಹೆಪ್ಪುಗಟ್ಟುವುದು ಶೇ 1.4ರಿಂದ 0.4ಕ್ಕೆ ಇಳಿಯಿತು. ಗಂಭೀರ ಅಥವಾ ಮಧ್ಯಮ ರಕ್ತಸ್ರಾವ ಶೇ 1.6ರಿಂದ 2.5ಕ್ಕೆ ಏರಿತು. ಒಂದನ್ನು ತಡೆಯುವ ಶಕ್ತಿಯೇ ಇನ್ನೊಂದಕ್ಕೆ ದಾರಿ. ಅವಧಿ ನಿರ್ಧರಿಸುವುದೆಂದರೆ, ಈ ರೋಗಿಗೆ ಇವೆರಡರಲ್ಲಿ ಯಾವ ಅಪಾಯ ದೊಡ್ಡದು ಎಂದು ತೂಗುವುದು.

ತೂಕ ಹೀಗೆ ನಡೆಯುತ್ತದೆ. ಹೃದಯಾಘಾತವಾಗಿ ಸ್ಟೆಂಟ್ ಹಾಕಿಸಿಕೊಂಡವರಿಗೆ ಸಾಮಾನ್ಯವಾಗಿ ಒಂದು ವರ್ಷ. ಹೃದಯಾಘಾತವಿಲ್ಲದೆ, ನಡೆದಾಗ ಬರುವ ಎದೆನೋವಿಗಾಗಿ ಹಾಕಿಸಿಕೊಂಡವರಿಗೆ ಆರು ತಿಂಗಳು. ರಕ್ತಸ್ರಾವದ ಅಪಾಯ ಹೆಚ್ಚಿದ್ದವರಿಗೆ ಒಂದರಿಂದ ಮೂರು ತಿಂಗಳಿಗೇ ಇಳಿಸಬಹುದು. 75 ದಾಟಿದ ವಯಸ್ಸು, 11ಕ್ಕಿಂತ ಕಡಿಮೆ ಹಿಮೋಗ್ಲೋಬಿನ್, ಹಿಂದೆ ಹೊಟ್ಟೆಯಲ್ಲಿ ರಕ್ತಸ್ರಾವ, ತೀವ್ರ ಕಿಡ್ನಿ ತೊಂದರೆ, ವಾರ್ಫರಿನ್‌ನಂಥ ಮತ್ತೊಂದು ಔಷಧಿಯ ಅಗತ್ಯ ಇವೆಲ್ಲ ಅಪಾಯ ಹೆಚ್ಚೆಂಬ ಗುರುತುಗಳು. ಇತ್ತೀಚೆಗೆ ಕೆಲವು ರೋಗಿಗಳಲ್ಲಿ ಮೂರು ತಿಂಗಳ ನಂತರ ಆಸ್ಪಿರಿನ್ ನಿಲ್ಲಿಸಿ ಟಿಕಾಗ್ರೆಲೋರ್ ಒಂದನ್ನೇ ಮುಂದುವರಿಸುವ ದಾರಿಯೂ ಬಂದಿದೆ. ಈ ಕಡಿಮೆ ಅವಧಿಯ ಸುದ್ದಿ ಓದಿ ‘ಮೂರು ತಿಂಗಳು ಸಾಕಂತೆ’ ಎಂದು ತಾವೇ ನಿಲ್ಲಿಸುವವರಿದ್ದಾರೆ. ಆ ಪದ್ಧತಿಗಳಲ್ಲಿ ಎರಡರಲ್ಲಿ ಒಂದು ಮಾತ್ರೆ ಉಳಿದೇ ಇರುತ್ತದೆ, ಯಾವುದು ಉಳಿಯಬೇಕೆಂಬುದೂ ಮೊದಲೇ ನಿರ್ಧಾರವಾಗಿರುತ್ತದೆ ಎಂಬುದನ್ನು ಅವರು ಗಮನಿಸಿರುವುದಿಲ್ಲ.

ನಮ್ಮ ವ್ಯಾಪಾರಿಗೆ ಐದನೇ ತಿಂಗಳಲ್ಲಿ ಮೊಣಕಾಲು ನೋವು ಶುರುವಾಗುತ್ತದೆ. ಅಂಗಡಿಯಿಂದ ಡೈಕ್ಲೋಫೆನಾಕ್ ತಂದು ಹತ್ತು ದಿನ ನುಂಗುತ್ತಾರೆ. ಅದು ಜಠರದ ಒಳಪದರವನ್ನು ಕೆರೆಯುತ್ತದೆ, ಅಲ್ಲಿ ಆದ ಹುಣ್ಣಿನ ರಕ್ತ ನಿಲ್ಲದಂತೆ ಎರಡು ಮಾತ್ರೆಗಳು ಮಾಡುತ್ತವೆ. ಮಲ ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ, ವಿಪರೀತ ವಾಸನೆಯಿಂದ ಹೋಗತೊಡಗುತ್ತದೆ. ಮೆಟ್ಟಿಲು ಹತ್ತಿದರೆ ಸುಸ್ತು. ಕಬ್ಬಿಣಾಂಶದ ಮಾತ್ರೆ ನುಂಗಿದಾಗಲೂ ಮಲ ಕಪ್ಪಾಗುವುದುಂಟು, ಆದರೆ ಇವರು ಅದನ್ನು ತೆಗೆದುಕೊಳ್ಳುತ್ತಿಲ್ಲ. ಈಗ ಮಾಡಬೇಕಾದ್ದು ಅಂದೇ ಆಸ್ಪತ್ರೆಗೆ ಹೋಗುವುದು. ಮನೆಯಲ್ಲೇ ಕೂತು ಮಾತ್ರೆ ಬಿಟ್ಟು ನೋಡುವುದಲ್ಲ. ಅಲ್ಲಿ ಹಿಮೋಗ್ಲೋಬಿನ್ ನೋಡಿ, ಎಂಡೋಸ್ಕೋಪಿ ಮಾಡಿ ಹುಣ್ಣಿಗೆ ಚಿಕಿತ್ಸೆ ಕೊಡುತ್ತಾರೆ. ಡೈಕ್ಲೋಫೆನಾಕ್ ಬಿಡಿಸುತ್ತಾರೆ. ಟಿಕಾಗ್ರೆಲೋರ್ ಬದಲಿಗೆ ತುಸು ಸೌಮ್ಯವಾದ ಕ್ಲೋಪಿಡೋಗ್ರೆಲ್ ಕೊಡಬಹುದು, ಅಥವಾ ಎರಡರಲ್ಲಿ ಒಂದನ್ನು ನಿಲ್ಲಿಸಬಹುದು. ಅವೆಲ್ಲ ಸ್ಟೆಂಟಿನ ವಯಸ್ಸು ನೋಡಿ ಆಗುವ ತೀರ್ಮಾನಗಳು. ಜಠರ ಕಾಯಲು ಪ್ಯಾಂಟೊಪ್ರಜೋಲ್ ಸೇರಿಸುತ್ತಾರೆ. ಒಮೆಪ್ರಜೋಲ್ ಕ್ಲೋಪಿಡೋಗ್ರೆಲ್‌ನ ಕೆಲಸಕ್ಕೆ ಅಡ್ಡಿಯಾಗುವುದರಿಂದ ಅದರ ಜೊತೆ ಕೊಡುವುದಿಲ್ಲ. ನೋವಿಗೆ ಪ್ಯಾರಸಿಟಮಾಲ್ ಸಾಕೇ ಎಂದು ಮೊದಲೇ ಕೇಳಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ಹಲ್ಲುಜ್ಜುವಾಗ ಸ್ವಲ್ಪ ರಕ್ತ, ಅಲ್ಲಲ್ಲಿ ನೀಲಿ ಕಲೆ, ಗಡ್ಡ ಹೆರೆದುಕೊಂಡಾಗಿನ ಗಾಯ ನಿಧಾನವಾಗಿ ಕಟ್ಟುವುದು ಮಾತ್ರೆ ಬಿಡಲು ಕಾರಣಗಳಲ್ಲ. ಟಿಕಾಗ್ರೆಲೋರ್‌ನಿಂದ ಕೆಲವರಿಗೆ ಉಸಿರು ಕಟ್ಟಿದಂತಾಗುತ್ತದೆ. ಅದನ್ನು ವೈದ್ಯರಿಗೆ ಹೇಳಿದರೆ ಮೊದಲು ಹೃದಯದ ತೊಂದರೆಯಲ್ಲವೆಂದು ಖಚಿತಪಡಿಸಿಕೊಂಡು, ಬೇಕಿದ್ದರೆ ಮಾತ್ರೆ ಬದಲಿಸುತ್ತಾರೆ. ಒಂದು ಹೊತ್ತು ಮರೆತರೆ ಮುಂದಿನದನ್ನು ಅದರ ಸಮಯಕ್ಕೆ ತೆಗೆದುಕೊಂಡರಾಯಿತು, ಎರಡು ಒಟ್ಟಿಗೆ ನುಂಗಬಾರದು. ಆದರೆ ಮೊದಲಿನಂಥದ್ದೇ ಎದೆನೋವು, ಬೆವರು, ಎಡಗೈಗೆ ಅಥವಾ ದವಡೆಗೆ ಹರಡುವ ನೋವು ಮರುಕಳಿಸಿದರೆ ಗ್ಯಾಸ್ ಎಂದು ಕಾಯದೆ 108ಕ್ಕೆ ಕರೆ ಮಾಡಬೇಕು. ಮುಚ್ಚಿದ ಸ್ಟೆಂಟನ್ನು ತೆರೆಯಲು ಸಿಗುವ ಸಮಯ ಗಂಟೆಗಳಲ್ಲಿ ಎಣಿಸುವಂಥದ್ದು.

ಡಿಸ್ಚಾರ್ಜ್ ಆಗುವ ದಿನವೇ ಮೂರು ಸಂಗತಿ ಬರೆಸಿಕೊಂಡು ಬರುವುದು ಒಳ್ಳೆಯದು: ಎರಡನೇ ಮಾತ್ರೆಯ ಹೆಸರು, ಅದು ಮುಗಿಯುವ ತಿಂಗಳು, ಆಮೇಲೆ ಯಾವ ಒಂದು ಮಾತ್ರೆ ಉಳಿಯುತ್ತದೆ ಎಂಬುದು. ಹೆಚ್ಚಿನವರಿಗೆ ಆಸ್ಪಿರಿನ್ ಆದರೆ ಕೆಲವರಿಗೆ ಕ್ಲೋಪಿಡೋಗ್ರೆಲ್. ಆ ಚೀಟಿಯ ಫೋಟೋ ಮೊಬೈಲಿನಲ್ಲಿದ್ದರೆ ದಂತವೈದ್ಯರಿಗೂ ಔಷಧಿ ಅಂಗಡಿಯವರಿಗೂ ತೋರಿಸಬಹುದು. ತಿಂಗಳು ಬಂದಾಗ ತಾನಾಗಿ ನಿಲ್ಲಿಸದೆ ಒಮ್ಮೆ ತೋರಿಸಿಕೊಂಡು ಬರಬೇಕು. ಐದನೇ ತಿಂಗಳಲ್ಲಿ ಹೊಟ್ಟೆಯಿಂದ ರಕ್ತ ಹೋದ ನಮ್ಮ ವ್ಯಾಪಾರಿಗೆ ಮೊದಲು ಬರೆದ ಹನ್ನೆರಡು ತಿಂಗಳು ಈಗ ಲೆಕ್ಕಕ್ಕಿಲ್ಲ. ಅದನ್ನು ಹೊಸದಾಗಿ ತೂಗಿ ಬೇರೆ ತಾರೀಖು ಬರೆದುಕೊಡಬೇಕಾದವರು ಅವರ ಹೃದ್ರೋಗ ವೈದ್ಯರು.