ಹೊಡೆದುಹಾಕಿದ ಮೇಲೆ ಛೇದದಲ್ಲಿ ಉಳಿದದ್ದೇನು?

ಭಿನ್ನರಾಶಿಯ ಛೇದ ಸೊನ್ನೆಯಾದರೆ ಅದಕ್ಕೆ ಬೆಲೆಯಿಲ್ಲ ಎಂಬುದನ್ನು ಶಾಲೆಯಲ್ಲೇ ಕಲಿತಿರುತ್ತೇವೆ. ಹೀಗೆ ಬೆಲೆಯಿಲ್ಲದ ಜಾಗಗಳೆಲ್ಲ ಒಂದೇ ಥರದವಲ್ಲ ಎಂಬುದು ಮಾತ್ರ ನಕ್ಷೆ ಬರೆಯಲು ಕೂತಾಗಲೇ ಗೊತ್ತಾಗುವುದು. ಈ ಫಲನವನ್ನು ನೋಡಿ:

f(x) = (x² − x − 2) / (x² − 4)

ಅಂಶದಲ್ಲಿ ಒಂದು ಬಹುಪದೋಕ್ತಿ, ಛೇದದಲ್ಲಿ ಇನ್ನೊಂದು. ಇಂಥದ್ದಕ್ಕೆ ಭಾಗಲಬ್ಧ ಫಲನ, ಕಾಲೇಜಿನ ಮಾತಿನಲ್ಲಿ ರ‍್ಯಾಷನಲ್ ಫಂಕ್ಷನ್, ಎನ್ನುತ್ತಾರೆ. x ಗೆ 2 ಹಾಕಿದರೂ −2 ಹಾಕಿದರೂ ಇದರ ಛೇದ ಸೊನ್ನೆಯಾಗುತ್ತದೆ, ಹಾಗಾಗಿ ಆ ಎರಡೂ ಕಡೆ f ಗೆ ಬೆಲೆಯಿಲ್ಲ. ಆದರೆ ನಕ್ಷೆಯಲ್ಲಿ 2ರ ಹತ್ತಿರ ಏನೂ ಆಗಿಲ್ಲವೆಂಬಂತೆ ಗೆರೆ ಸಾಗುತ್ತದೆ, ಒಂದೇ ಒಂದು ಬಿಂದು ಮಾತ್ರ ಅಲ್ಲಿರುವುದಿಲ್ಲ. −2ರ ಹತ್ತಿರ ಅದೇ ಗೆರೆ ಎಡಬದಿಯಲ್ಲಿ ಮೇಲಕ್ಕೆ ಚಿಮ್ಮಿ ಹೋಗುತ್ತದೆ, ಬಲಬದಿಯಲ್ಲಿ ಪಾತಾಳದಿಂದ ಎದ್ದು ಬರುತ್ತದೆ. 2ರಲ್ಲಿ ಇರುವುದು ರಂಧ್ರ. −2ರಲ್ಲಿ ನೆಟ್ಟಗೆ ನಿಂತ x = −2 ಎಂಬ ರೇಖೆ ಲಂಬ ಅಸಿಂಪ್ಟೋಟ್; ನಕ್ಷೆಯ ಗೆರೆ ಅದಕ್ಕೆ ಎಷ್ಟು ಬೇಕಾದರೂ ಸಮೀಪಿಸುತ್ತದೆ, ತಾಗುವುದಿಲ್ಲ.

ಎರಡೂ ಕಡೆ ಛೇದ ಸೊನ್ನೆಯೇ ಆಗಿರುವಾಗ ಈ ವ್ಯತ್ಯಾಸ ಎಲ್ಲಿಂದ ಬಂತು? ಅಪವರ್ತಿಸಿದರೆ ಕಾಣುತ್ತದೆ:

f(x) = (x − 2)(x + 1) / ((x − 2)(x + 2))

2ರ ಸಮೀಪದ ಒಂದು ಬೆಲೆ, x = 1.99 ತೆಗೆದುಕೊಳ್ಳೋಣ. ಅಂಶ (−0.01) × 2.99, ಅಂದರೆ −0.0299. ಛೇದ (−0.01) × 3.99, ಅಂದರೆ −0.0399. ಎರಡೂ ತೀರ ಚಿಕ್ಕವು, ಆದರೆ ಅವುಗಳನ್ನು ಚಿಕ್ಕದಾಗಿಸಿದ್ದು ಒಂದೇ (−0.01). ಭಾಗಿಸಿದಾಗ ಅದು ಬಿದ್ದುಹೋಗಿ ಸುಮಾರು 0.7494 ಉಳಿಯುತ್ತದೆ. ಆ ಕಡೆಯಿಂದ x = 2.01 ಹಾಕಿದರೆ ಸುಮಾರು 0.7506. ಎರಡು ಬದಿಯಿಂದಲೂ ಬೆಲೆ 0.75ರ ಕಡೆಗೇ ಬರುತ್ತಿದೆ. ಈಗ −2ರ ಬಳಿಗೆ ಹೋಗಿ x = −1.99 ಹಾಕಿ. ಅಂಶ (−3.99) × (−0.99), ಅಂದರೆ ಹೆಚ್ಚುಕಡಿಮೆ 3.95. ಛೇದ (−3.99) × 0.01, ಅಂದರೆ −0.0399. ಅಂಶ ಗಟ್ಟಿಯಾಗಿ ನಿಂತಿದೆ, ಛೇದವೊಂದೇ ಕರಗಿದೆ. ಬೆಲೆ −99. ಇನ್ನೊಂದು ಬದಿಯ −2.01ರಲ್ಲಿ ಅದು 101. ಇನ್ನೂ ಹತ್ತಿರ ಹೋದಷ್ಟೂ ಈ ಸಂಖ್ಯೆಗಳು ಸಾವಿರ, ಲಕ್ಷ ಎಂದು ಬೆಳೆಯುತ್ತಲೇ ಹೋಗುತ್ತವೆ.

ಸಾಮಾನ್ಯ ಅಪವರ್ತನವನ್ನು ಹೊಡೆದುಹಾಕಿದರೆ ಉಳಿಯುವುದು (x + 1)/(x + 2). ಹೊಡೆದುಹಾಕುವುದೆಂದರೆ ಮೇಲೂ ಕೆಳಗೂ x − 2ರಿಂದ ಭಾಗಿಸುವುದು. x = 2 ಆದಾಗ ಅದು ಸೊನ್ನೆಯಿಂದ ಭಾಗಿಸಿದಂತೆ, ಆ ಒಂದು ಕಡೆ ಈ ಕೆಲಸಕ್ಕೆ ಅನುಮತಿಯೇ ಇಲ್ಲ. ಆದ್ದರಿಂದ ಹಳೆಯ f ಮತ್ತು ಈ ಸರಳ ರೂಪ ಉಳಿದೆಲ್ಲ ಕಡೆ ಒಂದೇ, 2ರಲ್ಲಿ ಮಾತ್ರ ಬೇರೆ. ಸರಳ ರೂಪಕ್ಕೆ ಅಲ್ಲಿ 3/4 ಎಂಬ ಬೆಲೆಯಿದೆ, f ಗೆ ಇಲ್ಲ. ರಂಧ್ರದ ಜಾಗ ಹೀಗೆಯೇ ಸಿಗುವುದು: ಸರಳ ರೂಪದಲ್ಲಿ 2 ಹಾಕಿ ಬಂದ 3/4 ಅದರ ಎತ್ತರ, ರಂಧ್ರ (2, 3/4)ರಲ್ಲಿದೆ. ನಕ್ಷೆಯಲ್ಲಿ ಅಲ್ಲೊಂದು ಖಾಲಿ ಸುತ್ತು ಹಾಕುತ್ತೇವೆ.

ಇಲ್ಲಿಂದ ಹಲವರು ಒಂದು ಸೂತ್ರ ಕಟ್ಟಿಕೊಳ್ಳುತ್ತಾರೆ: ಹೊಡೆದುಹೋದದ್ದು ರಂಧ್ರ, ಉಳಿದದ್ದು ಅಸಿಂಪ್ಟೋಟ್. ನೆನಪಿಡಲು ಸುಲಭ, ಹೆಚ್ಚಿನ ಲೆಕ್ಕಗಳಲ್ಲಿ ಸರಿಯಾದ ಉತ್ತರವನ್ನೇ ಕೊಡುತ್ತದೆ. ಆದರೂ ಅದು ತಪ್ಪು. ಈ ಫಲನದಲ್ಲಿ ಅದು ಕೈಕೊಡುತ್ತದೆ:

g(x) = (x² − x − 6) / (x³ − 6x² + 9x)

ಅಪವರ್ತಿಸಿದಾಗ ಅಂಶ (x − 3)(x + 2), ಛೇದ x(x − 3)². ಮೇಲಿನ x − 3 ಕೆಳಗಿನ ಒಂದು x − 3 ಜೊತೆ ಹೊಡೆದುಹೋಗುತ್ತದೆ. ಸೂತ್ರವನ್ನು ನಂಬಿದವರು x = 3ರಲ್ಲಿ ರಂಧ್ರ ಎಂದು ಬರೆದು ಮುಂದಿನ ಲೆಕ್ಕಕ್ಕೆ ಹೋಗುತ್ತಾರೆ. ಬೆಲೆ ಹಾಕಿ ನೋಡಿದರೆ 3.01ರಲ್ಲಿ ಸುಮಾರು 166, 2.99ರಲ್ಲಿ ಸುಮಾರು −167. ಇದು ರಂಧ್ರದ ಲಕ್ಷಣವಲ್ಲ. ಕೆಳಗೆ ಎರಡು ಇದ್ದವು, ಮೇಲೆ ಇದ್ದದ್ದು ಒಂದೇ. ಒಂದು ಹೋದ ಮೇಲೂ (x + 2)/(x(x − 3)) ಎಂಬ ಸರಳ ರೂಪದ ಛೇದದಲ್ಲಿ x − 3 ಇನ್ನೂ ಕೂತಿದೆ. ಹಾಗಾಗಿ 3ರಲ್ಲಿ ಅಸಿಂಪ್ಟೋಟ್, 0ಯಲ್ಲೂ ಅಸಿಂಪ್ಟೋಟ್. ಈ ಫಲನಕ್ಕೆ ರಂಧ್ರವೇ ಇಲ್ಲ.

ಅಂದರೆ ಅಪವರ್ತನ ಹೊಡೆದುಹೋಯಿತೇ ಎಂದು ಕೇಳುವುದು ಸಾಲದು. ಹೊಡೆಯಲು ಸಾಧ್ಯವಾದಷ್ಟನ್ನೂ ಹೊಡೆದ ಮೇಲೆ ಅದು ಛೇದದಲ್ಲಿ ಉಳಿದಿದೆಯೇ ಎಂದು ಕೇಳಬೇಕು. ಒಂದೂ ಉಳಿಯದಿದ್ದರೆ ಛೇದ ಅಲ್ಲಿ ಸೊನ್ನೆಯಲ್ಲದ ಸಂಖ್ಯೆಯೊಂದಕ್ಕೆ ಬಂದು ನಿಲ್ಲುತ್ತದೆ, ಬೆಲೆಗೆ ಒಂದು ನಿಶ್ಚಿತ ಗುರಿ ಇರುತ್ತದೆ, ಅದು ರಂಧ್ರ. ಒಂದಾದರೂ ಉಳಿದಿದ್ದರೆ ಮೇಲೆ ಅದರ ಜೋಡಿ ಇರುವುದಿಲ್ಲ. ಆಗ ಅಂಶ ಸೊನ್ನೆಯಾಗದೆ ನಿಂತು ಛೇದ ಮಾತ್ರ ಕರಗುತ್ತದೆ, ಬೆಲೆ ಮಿತಿಮೀರಿ ಬೆಳೆಯುತ್ತದೆ, ಅದು ಅಸಿಂಪ್ಟೋಟ್. ಘಾತಗಳ ಲೆಕ್ಕದಲ್ಲಿ ಹೇಳುವುದಾದರೆ, ಮೇಲಿನ ಘಾತ ಕೆಳಗಿನದಕ್ಕೆ ಸಮವಾಗಿದ್ದರೆ ಅಥವಾ ಅದಕ್ಕಿಂತ ಹೆಚ್ಚಿದ್ದರೆ ರಂಧ್ರ, ಕಡಿಮೆಯಿದ್ದರೆ ಅಸಿಂಪ್ಟೋಟ್. (x − 3)²/(x − 3)ರಲ್ಲಿ ಮೇಲಿನದೇ ಹೆಚ್ಚು, ಆದ್ದರಿಂದ (3, 0)ಯಲ್ಲಿ ರಂಧ್ರ. ಭಾಗಲಬ್ಧ ಫಲನಗಳಲ್ಲಿ ಮೂರನೆಯ ಸಾಧ್ಯತೆಯಿಲ್ಲ. sin(1/x)ನಂಥ ಫಲನ ಸೊನ್ನೆಯ ಬಳಿ ಯಾವ ಬೆಲೆಯ ಕಡೆಗೂ ಹೋಗದೆ, ಮಿತಿಮೀರಿ ಬೆಳೆಯದೆ, 1 ಮತ್ತು −1ರ ನಡುವೆ ಓಲಾಡುತ್ತಲೇ ಇರುತ್ತದೆ. ಬಹುಪದೋಕ್ತಿಗಳನ್ನು ಭಾಗಿಸಿದಾಗ ಅಂಥ ತಾಪತ್ರಯ ಬರುವುದಿಲ್ಲ.

ಸೊನ್ನೆಯಿಂದ ಭಾಗಿಸುವುದರಲ್ಲಿ ಎರಡು ಬಗೆಯಿದೆ ಎಂಬುದು ಭಾಸ್ಕರಾಚಾರ್ಯರ ಬರಹದಲ್ಲೇ ಸಿಗುತ್ತದೆ ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಸೊನ್ನೆಯಲ್ಲದ ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿ ಬಂದದ್ದನ್ನು ಅವರು ಖಹರ ಎಂದು ಕರೆದು, ಅನಂತವೆಂದು ತಿಳಿದರು. ಆದರೆ ಒಂದು ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿ, ಮುಂದೆ ಇನ್ನೂ ಕ್ರಿಯೆಗಳು ಬಾಕಿಯಿದ್ದರೆ, ಅವಸರದಲ್ಲಿ ಸೊನ್ನೆ ಎಂದು ಬರೆಯಬೇಡಿ, ಸೊನ್ನೆಯನ್ನು ಗುಣಕವಾಗಿಯೇ ಇಟ್ಟುಕೊಳ್ಳಿ; ಆಮೇಲೆ ಸೊನ್ನೆಯಿಂದ ಭಾಗಿಸುವ ಸಂದರ್ಭ ಬಂದರೆ ಸಂಖ್ಯೆ ಮೊದಲಿನಂತೆಯೇ ಉಳಿಯುತ್ತದೆ ಎಂಬುದು ಅವರ ನಿಯಮ. 1150ರ ಲೀಲಾವತಿಯಲ್ಲಿ ಇದಕ್ಕೊಂದು ಲೆಕ್ಕವೂ ಇದೆ. ಒಂದು ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿ, ಬಂದದ್ದಕ್ಕೆ ಅದರರ್ಧ ಸೇರಿಸಿ, ಮೂರರಿಂದ ಗುಣಿಸಿ, ಸೊನ್ನೆಯಿಂದ ಭಾಗಿಸಿದರೆ 63 ಬರುತ್ತದೆ. ಆ ಸಂಖ್ಯೆ ಯಾವುದು? ಉತ್ತರ 14. ಹದಿನಾಲ್ಕಕ್ಕೆ ಏಳು ಸೇರಿ ಇಪ್ಪತ್ತೊಂದು, ಅದರ ಮೂರರಷ್ಟು ಅರವತ್ತಮೂರು; ಸೊನ್ನೆಗಳೆರಡೂ ಹೊಡೆದುಹೋಗಿವೆ. ಇಂದಿನ ಗಣಿತ ಸೊನ್ನೆಯನ್ನು ನೇರವಾಗಿ ಹೀಗೆ ಹೊಡೆಯಲು ಬಿಡುವುದಿಲ್ಲ. ಸೊನ್ನೆಯ ಜಾಗದಲ್ಲಿ h ಎಂದು ಬರೆದು, h ಸೊನ್ನೆಯಲ್ಲ ಎಂಬ ಷರತ್ತಿನ ಮೇಲೆ ಹೊಡೆದರೆ ಅದೇ 63 ಸಿಗುತ್ತದೆ. ಅದು h = 0ಯಲ್ಲಿರುವ ರಂಧ್ರದ ಎತ್ತರ.

ಪ್ರಥಮ ಪಿಯುಸಿಯಲ್ಲಿ ಎಲ್ಲರೂ ಬಾಯಿಪಾಠ ಮಾಡುವ (xⁿ − aⁿ)/(x − a)ರ ಲಿಮಿಟ್ ಕೂಡ ಇದೇ ವಿಚಾರ. n = 3, a = 3 ಆದರೆ (x³ − 27)/(x − 3). ಹೊಡೆದ ಮೇಲೆ x² + 3x + 9. ಅದರಲ್ಲಿ 3 ಹಾಕಿದರೆ 27, ಸೂತ್ರ ಕೊಡುವ 3 × 3² ಕೂಡ ಅದೇ. ವಿದ್ಯಾರ್ಥಿ ಕಂಡುಹಿಡಿದದ್ದು ಒಂದು ರಂಧ್ರದ ಎತ್ತರವನ್ನು. ವಕ್ರರೇಖೆಯ ಇಳಿಜಾರನ್ನು ಕಂಡುಹಿಡಿಯುವ ಕಲನಶಾಸ್ತ್ರದ ಮೊದಲ ಹೆಜ್ಜೆಯೂ ಇದೇ ಆದ್ದರಿಂದ, ರಂಧ್ರವನ್ನು ನಕ್ಷೆಯ ಸಣ್ಣ ಕೊರತೆಯೆಂದು ಬದಿಗೆ ಸರಿಸುವುದು ನನಗೆ ಒಪ್ಪಿಗೆಯಿಲ್ಲ.

ಕೈಯಲ್ಲಿ ಲೆಕ್ಕ ಮಾಡುವಾಗ ಮೊದಲು ಮೂಲ ರೂಪದಲ್ಲೇ ಬೆಲೆ ಹಾಕಿ ನೋಡುವುದು ಒಳ್ಳೆಯದು. ಛೇದ ಸೊನ್ನೆಯಾಗಿ ಅಂಶ ಸೊನ್ನೆಯಾಗದಿದ್ದರೆ ಅಲ್ಲಿಗೆ ತೀರ್ಮಾನವಾಯಿತು, ಅದು ಅಸಿಂಪ್ಟೋಟ್. ಎರಡೂ ಸೊನ್ನೆಯಾದರೆ ಇನ್ನೂ ಏನೂ ತೀರ್ಮಾನವಾಗಿಲ್ಲ ಎಂದಷ್ಟೇ ಅರ್ಥ: f ನಲ್ಲಿ 2 ಹಾಕಿದಾಗಲೂ 0/0, g ಯಲ್ಲಿ 3 ಹಾಕಿದಾಗಲೂ 0/0, ಫಲಿತಾಂಶ ಮಾತ್ರ ಬೇರೆ ಬೇರೆ. ಆಗ ಅಪವರ್ತಿಸಲೇಬೇಕು. ಒಂದು ಸಮಾಧಾನವಿದೆ. a ಹಾಕಿದಾಗ ಬಹುಪದೋಕ್ತಿ ಸೊನ್ನೆಯಾದರೆ x − a ಅದರ ಅಪವರ್ತನವಾಗಿಯೇ ಇರುತ್ತದೆ ಎಂದು ಅಪವರ್ತನ ಪ್ರಮೇಯ ಹೇಳುತ್ತದೆ. ಆದ್ದರಿಂದ ಮೇಲೂ ಕೆಳಗೂ x − a ಖಂಡಿತ ಇದೆ, ಕಣ್ಣಿಗೆ ಕಾಣದಿದ್ದರೆ ಭಾಗಾಕಾರ ಮಾಡಿ ಹೊರತೆಗೆಯಬಹುದು. ಕೆಲವೊಮ್ಮೆ ಅದು 2 − x ಎಂದು ವೇಷ ಬದಲಿಸಿಕೊಂಡಿರುತ್ತದೆ. ಅದನ್ನು −(x − 2) ಎಂದು ಬರೆದುಕೊಂಡು ಹೊಡೆಯಬೇಕು, ಋಣ ಚಿಹ್ನೆಯನ್ನು ಬಿಡಬಾರದು. (x + 1)/(x + 2)ರಲ್ಲಿ x ಗೂ x ಗೂ ಗೆರೆ ಎಳೆಯುವವರಿದ್ದಾರೆ. ಅಲ್ಲಿ x ಕೂಡಿಸಿದ ಪದ, ಗುಣಿಸಿದ ಅಪವರ್ತನವಲ್ಲ, ಅದನ್ನು ಹೊಡೆಯುವಂತಿಲ್ಲ.

ಪರದೆಯ ಮೇಲಿನ ನಕ್ಷೆಯನ್ನು ನೋಡಿ ತೀರ್ಮಾನಿಸುವುದು ಅಪಾಯಕಾರಿ. ರಂಧ್ರಕ್ಕೆ ಅಗಲವೇ ಇಲ್ಲ, ಹಾಗಾಗಿ ನಕ್ಷೆ ಬಿಡಿಸುವ ತಂತ್ರಾಂಶಗಳು ಸಾಮಾನ್ಯವಾಗಿ 2ರ ಮೇಲೂ ಗೆರೆಯನ್ನು ತುಂಡಾಗದಂತೆ ಎಳೆದುಬಿಡುತ್ತವೆ. ಹಳೆಯ ಗ್ರಾಫಿಂಗ್ ಕ್ಯಾಲ್ಕುಲೇಟರುಗಳು ಇದಕ್ಕೆ ವಿರುದ್ಧವಾದ ತಪ್ಪನ್ನೂ ಮಾಡುತ್ತವೆ. ಲೆಕ್ಕ ಹಾಕಿದ ಬಿಂದುಗಳನ್ನು ಸಾಲಾಗಿ ಜೋಡಿಸುವಾಗ ಅಸಿಂಪ್ಟೋಟಿನ ಎಡಗಡೆಯ ಎತ್ತರದ ಬಿಂದುವನ್ನು ಬಲಗಡೆಯ ಆಳದ ಬಿಂದುವಿಗೆ ಸೇರಿಸಿ, ನಕ್ಷೆಯಲ್ಲಿ ಇಲ್ಲದ ಕಡಿದಾದ ಗೆರೆಯೊಂದನ್ನು ತೋರಿಸುತ್ತವೆ. ಅನುಮಾನ ಬಂದರೆ ಆ ಜಾಗದ ಎರಡೂ ಬದಿಯಲ್ಲಿ 0.01 ದೂರದ ಬೆಲೆಗಳನ್ನು, ಆಮೇಲೆ 0.001 ದೂರದ ಬೆಲೆಗಳನ್ನು ಲೆಕ್ಕ ಹಾಕಿ. ಒಂದೇ ಸಂಖ್ಯೆಯ ಕಡೆಗೆ ಬಂದರೆ ರಂಧ್ರ, ಹತ್ತರಷ್ಟೋ ನೂರರಷ್ಟೋ ಬೆಳೆದರೆ ಅಸಿಂಪ್ಟೋಟ್.

ಉತ್ತರ ಬರೆಯುವಾಗ ಸರಳ ರೂಪದ ಪಕ್ಕದಲ್ಲೇ ಷರತ್ತನ್ನೂ ಬರೆಯಿರಿ: f(x) = (x + 1)/(x + 2), x ≠ 2. ಆ ಷರತ್ತು ಬಿಟ್ಟುಹೋದರೆ ಕೈಯಲ್ಲಿ ಉಳಿಯುವುದು f ಅಲ್ಲ, ಬೇರೆಯದೇ ಒಂದು ಫಲನ.