ಮಣಿಸರದಲ್ಲಿ ಅಡಗಿದ ಬೀಜಗಣಿತ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಯಾವುದಾದರೊಂದು ಹಳ್ಳಿಯ ಅಂಗನವಾಡಿಯನ್ನು ಓದುಗರು ಕಲ್ಪಿಸಿಕೊಳ್ಳಲಿ. ಮೂರರಿಂದ ಆರು ವರ್ಷದ ಮಕ್ಕಳು ಚಾಪೆಯ ಮೇಲೆ ಕುಳಿತಿದ್ದಾರೆ. ನಡುವೆ ಮಣಿಗಳ ಬುಟ್ಟಿ. ಬಾಯೊಳಗೆ ಹೋಗದಷ್ಟು ದೊಡ್ಡ ಮರದ ಮಣಿಗಳು. ಶಿಕ್ಷಕಿ ದಾರಕ್ಕೆ ಎರಡು ಕೆಂಪು, ಒಂದು ಹಳದಿ, ಮತ್ತೆ ಎರಡು ಕೆಂಪು, ಒಂದು ಹಳದಿ ಎಂದು ಒಂಬತ್ತು ಮಣಿ ಪೋಣಿಸಿ, "ಮುಂದೆ ಯಾವುದು ಬರತದ?" ಎಂದು ಕೇಳುತ್ತಾಳೆ.

ಒಂದು ಮಗು ಕೆಂಪು, ಹಳದಿ, ಕೆಂಪು, ಹಳದಿ ಎಂದು ಪೋಣಿಸುತ್ತದೆ. ಬಣ್ಣಗಳು ಬದಲಾಗುತ್ತವೆ ಎಂಬುದು ಅದಕ್ಕೆ ತಿಳಿದಿದೆ; ಎರಡು ಕೆಂಪಿನ ಲೆಕ್ಕ ತಪ್ಪಿದೆ. ಇನ್ನೊಂದು ಮಗು ತಪ್ಪಿಲ್ಲದೆ ಪೋಣಿಸುತ್ತದೆ. ಆದರೆ ಅದು ಒಂದೊಂದು ಮಣಿಗೂ ಸರದ ಆರಂಭವನ್ನು ನೋಡಿ ನಕಲು ಮಾಡುತ್ತಿರಬಹುದು. ಸರ ಸರಿಯಾಗಿದ್ದ ಮಾತ್ರಕ್ಕೆ ಮರ್ಮ ತಿಳಿಯಿತೆನ್ನಲಾಗದು. ಇಲ್ಲಿಯ ಮರ್ಮವೆಂದರೆ 'ಕೆಂಪು-ಕೆಂಪು-ಹಳದಿ' ಎಂಬ ಮೂರು ಮಣಿಗಳ ಘಟಕ ಮತ್ತೆ ಮತ್ತೆ ಬರುತ್ತಿದೆ ಎಂಬ ಅರಿವು.

ಅದನ್ನು ಪರೀಕ್ಷಿಸುವ ಬಗೆ ಸರಳ. ಸರವನ್ನು ಬಟ್ಟೆಯಿಂದ ಮುಚ್ಚಿ, ಅಂಥದೇ ಸರ ಮಾಡಲು ಹೇಳಬೇಕು. ಘಟಕವನ್ನು ಕಂಡ ಮಗು ಮೂರು ಮೂರಾಗಿ ಮಣಿಗಳನ್ನು ಎತ್ತಿಕೊಳ್ಳುತ್ತದೆ. ಬಳಿಕ ಸರವನ್ನು ಘಟಕದ ನಡುವೆ, ಒಂದು ಕೆಂಪು ಮಣಿಯ ಮೇಲೆ ನಿಲ್ಲಿಸಿ ಕೊಡಬೇಕು. ಘಟಕ ಕಾಣದ ಮಗು ಹೊಸದಾಗಿ ಎರಡು ಕೆಂಪು ಹಾಕಿಬಿಡುತ್ತದೆ. ಸಾಲಿನಲ್ಲಿ ಮೂರು ಕೆಂಪು ನಿಲ್ಲುತ್ತವೆ. ಕಂಡ ಮಗು ಒಂದೇ ಕೆಂಪು ಹಾಕಿ ಹಳದಿಗೆ ಹೋಗುತ್ತದೆ.

ಮೂರನೆಯದು ಮುಖ್ಯ. ಮಣಿಗಳನ್ನು ಬದಿಗಿಟ್ಟು, ಎರಡು ಚಪ್ಪಾಳೆ, ಒಂದು ತೊಡೆಯ ಬಡಿತ. ಬಳಿಕ ಎರಡು ಹುಣಸೆಬೀಜ, ಒಂದು ಕಲ್ಲು. "ಈ ಆಟ, ಆ ಸರ ಎರಡೂ ಒಂದೇ ಏನು?" ಎಂದು ಕೇಳಿದಾಗ ಮಗು ಹೌದೆಂದರೆ, ಬಣ್ಣವನ್ನು ಬಿಟ್ಟು ರಚನೆಯನ್ನು ಹಿಡಿಯಿತೆಂದು ತಿಳಿಯಬಹುದು. ಬೀಜಗಣಿತದಲ್ಲಿ ಅಕ್ಷರ ಮಾಡುವ ಕೆಲಸವೂ ಇದೇ: ವಸ್ತು ಯಾವುದಾದರೂ ಇರಲಿ, ಸಂಬಂಧ ಉಳಿಯುತ್ತದೆ.

ಇಷ್ಟಕ್ಕೇ ಮಗು ಬೀಜಗಣಿತ ಕಲಿಯಿತೆನ್ನಬಾರದು. ನಿಯಮವನ್ನು ಮಾತಿನಲ್ಲಿ ಹೇಳುವುದು ಆ ವಯಸ್ಸಿಗೆ ಕಷ್ಟ. ಎರಡು ಬಣ್ಣಗಳ ಸರದಿಂದ ತೊಡಗಿ, ಅದು ಚೆನ್ನಾಗಿ ಬಂದ ಮೇಲಷ್ಟೇ ಮೂರಕ್ಕೆ ಹೋಗಬೇಕು. ಆದರೆ ಬುಡ ಇಲ್ಲಿಯೇ ಬೇರೂರುತ್ತದೆ. 2011ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಮರೀನಾ ಪಾಪಿಕ್, ಜೋನ್ ಮಲ್ಲಿಗನ್ ಮತ್ತು ಮೈಕೆಲ್ ಮಿಚೆಲ್‌ಮೋರ್ ಅವರ ಅಧ್ಯಯನದಲ್ಲಿ, ಶಾಲಾಪೂರ್ವದಲ್ಲಿ ಇಂಥ ಅಭ್ಯಾಸ ಪಡೆದ ಮಕ್ಕಳು ಒಂದು ವರ್ಷದ ಬಳಿಕವೂ ವಿನ್ಯಾಸಗಳನ್ನು ಅರಿಯುವುದರಲ್ಲಿ ಇತರರಿಗಿಂತ ಮುಂದಿದ್ದರು.

ನಮ್ಮ ಪ್ರಾಚೀನರಿಗೂ ಬಣ್ಣ ಬೀಜಗಣಿತದಿಂದ ದೂರವಿರಲಿಲ್ಲ. 1150ರಲ್ಲಿ ಸಿದ್ಧಾಂತಶಿರೋಮಣಿಯನ್ನು ರಚಿಸಿದ ಭಾಸ್ಕರಾಚಾರ್ಯರು, ತಿಳಿಯದ ಸಂಖ್ಯೆಗಳಿಗೆ ಕಾಲಕ, ನೀಲಕ, ಪೀತಕ, ಲೋಹಿತಕ ಎಂದು ಕಪ್ಪು, ನೀಲಿ, ಹಳದಿ, ಕೆಂಪು ಬಣ್ಣಗಳ ಹೆಸರನ್ನೇ ಇಟ್ಟರು. ಅಂಗನವಾಡಿಯ ಬುಟ್ಟಿಯಲ್ಲಿರುವುದೂ ಅವೇ ಬಣ್ಣಗಳು.